ತಿಂಗಳಿಗೆ 1,500 ರೂಪಾಯಿ, ಎದುರಿಗೆ ನಾಲ್ಕು ಡಬ್ಬಿ: ಯಾವುದನ್ನು ಕೊಳ್ಳಲಿ?

ಪ್ರಶ್ನೆ: ನಾನಿರುವುದು ಡೊಂಬಿವಿಲಿಯಲ್ಲಿ, ಕೆಲಸ ಘಾಟ್ಕೋಪರಿನ ಉಡುಪಿ ಹೋಟೆಲೊಂದರ ಕೌಂಟರಿನಲ್ಲಿ. ವಯಸ್ಸು 24, ತೂಕ 64 ಕೆಜಿ, ಮೊಟ್ಟೆಯನ್ನೂ ತಿನ್ನದ ಸಸ್ಯಾಹಾರಿ. ಬೆಳಿಗ್ಗೆ ಇಡ್ಲಿ-ಸಾಂಬಾರ್, ಮಧ್ಯಾಹ್ನ ಅನ್ನ, ಸಾರು, ಪಲ್ಯ, ಮೊಸರು, ರಾತ್ರಿ ಚಪಾತಿ, ದಾಲ್. ಎಂಟು ತಿಂಗಳಿಂದ ವಾರಕ್ಕೆ ನಾಲ್ಕು ದಿನ ಜಿಮ್‌ಗೆ ಹೋಗುತ್ತಿದ್ದೇನೆ. ಕ್ರಿಯೇಟಿನ್, ಎಚ್‌ಎಂಬಿ, ಬಿಸಿಎಎ, ಗ್ಲುಟಮಿನ್ ನಾಲ್ಕೂ ಒಟ್ಟಿಗೆ ಬೇಕು ಎನ್ನುತ್ತಾರೆ ಟ್ರೇನರ್. ತಿಂಗಳಿಗೆ 1,500 ರೂಪಾಯಿಗಿಂತ ಹೆಚ್ಚು ನನ್ನಿಂದಾಗದು. ಯಾವುದನ್ನು ಆರಿಸಲಿ?

ಉತ್ತರ: ಕ್ರಿಯೇಟಿನ್ ಒಂದನ್ನೇ ಕೊಳ್ಳಿ. ಉಳಿದ ಹಣವನ್ನು ಸೋಯಾ ಮತ್ತು ಹಾಲಿಗೆ ಹಾಕಿ. ಮಿಕ್ಕ ಮೂರು ಡಬ್ಬಿಗಳನ್ನು ಅಂಗಡಿಯಲ್ಲೇ ಬಿಡಿ.

ಭಾರ ಎತ್ತುವ ಮೊದಲ ಕೆಲವು ಸೆಕೆಂಡುಗಳಿಗೆ ಬೇಕಾದ ಶಕ್ತಿಯನ್ನು ಸ್ನಾಯು ತನ್ನಲ್ಲೇ ಕೂಡಿಟ್ಟುಕೊಂಡಿರುತ್ತದೆ. ಖರ್ಚಾದ ಆ ಶಕ್ತಿಯನ್ನು ಬೇಗ ಮರಳಿ ತುಂಬುವುದು ಸ್ನಾಯುವಿನಲ್ಲಿ ಕ್ರಿಯೇಟಿನ್ ತಾಳುವ ರೂಪವಾದ ಫಾಸ್ಫೋಕ್ರಿಯೇಟಿನ್. ಅದರ ದಾಸ್ತಾನು ಹೆಚ್ಚಿದ್ದರೆ ಎಂಟನೇ ರೆಪ್‌ಗೆ ಸೋಲುವ ಕೈ ಒಂಬತ್ತನೆಯದನ್ನೂ ಎತ್ತುತ್ತದೆ. ವಾರಗಟ್ಟಲೆ ಹೀಗೆ ಸೇರುವ ಒಂದೊಂದು ರೆಪ್ಪೇ ಕೊನೆಗೆ ಬಲವಾಗಿ, ಸ್ನಾಯುವಾಗಿ ಕಾಣಿಸುತ್ತದೆ. ಕ್ರಿಯೇಟಿನ್ ಪುಡಿ ತಿಂದರೆ ಸ್ನಾಯುವಿನ ದಾಸ್ತಾನು ನಿಜವಾಗಿಯೂ ಏರುತ್ತದೆ ಎಂಬುದನ್ನು 1992ರಲ್ಲೇ ಸ್ನಾಯುವಿನ ಚೂರು ತೆಗೆದು ಅಳೆದು ತೋರಿಸಿದ್ದಾರೆ. ಆಮೇಲೆ ಬೇರೆ ಬೇರೆ ದೇಶಗಳಲ್ಲಿ, ಒಬ್ಬರಿಗೊಬ್ಬರು ಸಂಬಂಧವಿಲ್ಲದ ತಂಡಗಳು ಪುಡಿ ಯಾವುದು, ಬರೀ ಹಿಟ್ಟು ಯಾವುದು ಎಂದು ತಿಂದವರಿಗೆ ತಿಳಿಯದಂತೆ ಪರೀಕ್ಷೆ ಮಾಡಿದಾಗಲೂ ಫಲ ಮತ್ತೆ ಮತ್ತೆ ಅದೇ ಬಂತು. ನಾವು ಗಟ್ಟಿ ಪುರಾವೆ ಎನ್ನುವುದು ಇದನ್ನೇ. ನಿಮಗೆ ಇದರಲ್ಲಿ ಇನ್ನೊಂದು ಲಾಭವೂ ಇದೆ. ಊಟದಿಂದ ಬರುವ ಕ್ರಿಯೇಟಿನ್ ಬಹುತೇಕ ಮಾಂಸ, ಮೀನಿನದ್ದು. ಹಾಗಾಗಿ ಸಸ್ಯಾಹಾರಿಗಳ ದಾಸ್ತಾನು ಕೆಳಮಟ್ಟದಲ್ಲಿರುತ್ತದೆ, ಪುಡಿ ತಿಂದಾಗ ಏರಿಕೆಯೂ ಹೆಚ್ಚು.

ಬಿಸಿಎಎ ಕತೆ ಬೇರೆ. ಲ್ಯೂಸಿನ್, ಐಸೊಲ್ಯೂಸಿನ್, ವ್ಯಾಲಿನ್ ಎಂಬ ಮೂರು ಅಮೈನೊ ಆಮ್ಲಗಳು ಅದರಲ್ಲಿವೆ. ಲ್ಯೂಸಿನ್ ಸ್ನಾಯು ಕಟ್ಟುವ ಕೆಲಸಕ್ಕೆ ಚಾಲನೆ ಕೊಡುತ್ತದೆ ಎಂಬುದು ಸತ್ಯವೇ. ಆದರೆ ಕಟ್ಟಲು ಆಹಾರದಿಂದಲೇ ಬರಬೇಕಾದ ಅಮೈನೊ ಆಮ್ಲಗಳು ಒಂಬತ್ತು. ಮೇಸ್ತ್ರಿಯನ್ನು ಕರೆಸಿ ಇಟ್ಟಿಗೆ ತರಿಸದಿದ್ದರೆ ಗೋಡೆ ಏಳುತ್ತದೆಯೇ? 2017ರ ಒಂದು ಪರೀಕ್ಷೆಯಲ್ಲಿ ವ್ಯಾಯಾಮದ ನಂತರ 5.6 ಗ್ರಾಂ ಬಿಸಿಎಎ ಕುಡಿದವರ ಸ್ನಾಯು ಕಟ್ಟುವ ವೇಗ ಸುಮಾರು 22 ಶೇಕಡಾ ಏರಿತು. ಜಾಹೀರಾತಿಗೆ ಒಳ್ಳೆಯ ಅಂಕಿಯೇ. ಆದರೆ ಅಷ್ಟೇ ಬಿಸಿಎಎ ಇರುವ ಹಾಲಿನ ಪ್ರೋಟೀನ್ ಕುಡಿದಾಗ ಬರುವ ಏರಿಕೆಗೆ ಹೋಲಿಸಿದರೆ ಇದು ಹೆಚ್ಚುಕಡಿಮೆ ಅರ್ಧ.

ಎಚ್‌ಎಂಬಿ ಆ ಲ್ಯೂಸಿನ್‌ನಿಂದಲೇ ದೇಹದೊಳಗೆ ಹುಟ್ಟುವ ವಸ್ತು. ತಿಂದ ಲ್ಯೂಸಿನ್‌ನಲ್ಲಿ ಸುಮಾರು 5 ಶೇಕಡಾ ಮಾತ್ರ ಎಚ್‌ಎಂಬಿ ಆಗುವುದರಿಂದ, ಪರೀಕ್ಷೆಗಳಲ್ಲಿ ಕೊಡುವ ದಿನಕ್ಕೆ 3 ಗ್ರಾಂ ಪ್ರಮಾಣ ಊಟದಿಂದ ಸಿಗದು. ಅದನ್ನು ಮಾರುವವರು ಹಿಡಿಯುವ ಎಳೆ ಇದೇ. 1996ರಲ್ಲಿ ಅಮೆರಿಕದ ಅಯೋವಾದಿಂದ ಬಂದ ಮೊದಲ ಫಲಿತಾಂಶ ಆಶಾದಾಯಕವಾಗಿತ್ತು. ಆದರೆ ಅದರಲ್ಲಿದ್ದವರು ಹೊಸದಾಗಿ ಭಾರ ಎತ್ತಲು ಶುರುಮಾಡಿದವರು. ಅಭ್ಯಾಸವಿದ್ದವರ ಮೇಲೆ ನಡೆದ ಪರೀಕ್ಷೆಗಳನ್ನು ಒಟ್ಟುಗೂಡಿಸಿದರೆ ಲಾಭ ಸೊನ್ನೆಯ ಹತ್ತಿರವೇ ಸುಳಿಯುತ್ತದೆ. 2014ರಲ್ಲಿ ಒಂದು ತಂಡ 12 ವಾರಗಳಲ್ಲಿ ಕೊಬ್ಬಿಲ್ಲದ ತೂಕ 7 ಕೆಜಿಗೂ ಹೆಚ್ಚು ಏರಿತು ಎಂದು ಬರೆಯಿತು. ಅಷ್ಟು ದೊಡ್ಡ ಅಂಕಿಯನ್ನು ಇತರ ವಿಜ್ಞಾನಿಗಳು ಬಹಿರಂಗವಾಗಿಯೇ ಪ್ರಶ್ನಿಸಿದರು. ಟ್ರೇನರ್ ಮೊಬೈಲಿನಲ್ಲಿ ತೋರಿಸುವ ಗ್ರಾಫ್ ಇದರದ್ದೇ ಆಗಿದ್ದರೆ ಆಶ್ಚರ್ಯವಿಲ್ಲ. ಎಚ್‌ಎಂಬಿಗೆ ಸ್ವಲ್ಪ ಆಧಾರ ಇರುವುದು ಹಾಸಿಗೆ ಹಿಡಿದ ವಯಸ್ಸಾದವರ ಸ್ನಾಯು ಕರಗದಂತೆ ತಡೆಯುವುದರಲ್ಲಿ. ಅದು 24ರ ನಿಮ್ಮ ಸಮಸ್ಯೆಯಲ್ಲ.

ಗ್ಲುಟಮಿನ್‌ಗೆ ಹೆಚ್ಚು ಮಾತು ಬೇಡ. ಅದನ್ನು ದೇಹವೇ ತಯಾರಿಸಿಕೊಳ್ಳುತ್ತದೆ. ಬಾಯಿಂದ ತಿಂದದ್ದರಲ್ಲಿ ಬಹುಪಾಲನ್ನು ಕರುಳು ಮತ್ತು ಯಕೃತ್ತು ದಾರಿಯಲ್ಲೇ ಬಳಸಿಕೊಳ್ಳುತ್ತವೆ. ಆರು ವಾರ ದೊಡ್ಡ ಪ್ರಮಾಣದಲ್ಲಿ ತಿಂದು ಭಾರ ಎತ್ತಿದ ಯುವಕ ಯುವತಿಯರಿಗೂ, ಬರೀ ಹಿಟ್ಟು ತಿಂದವರಿಗೂ ಬಲದಲ್ಲಿ ವ್ಯತ್ಯಾಸ ಕಾಣಲಿಲ್ಲ.

ಈಗ ನಿಮ್ಮ ಲೆಕ್ಕ. ಬೆಲೆಗಳು ಅಂದಾಜಿನವು, ನಿಮ್ಮ ಅಂಗಡಿಯ ದರ ಹಾಕಿಕೊಳ್ಳಿ. 250 ಗ್ರಾಂ ಕ್ರಿಯೇಟಿನ್ ಡಬ್ಬಿಗೆ 700 ರೂಪಾಯಿ ಎಂದಿಟ್ಟುಕೊಳ್ಳೋಣ. ದಿನಕ್ಕೆ 3 ಗ್ರಾಂನಂತೆ ಅದು 83 ದಿನ ಬರುತ್ತದೆ, ಅಂದರೆ ತಿಂಗಳಿಗೆ ಸುಮಾರು 250 ರೂಪಾಯಿ. ಭಾರ ಎತ್ತುವವರಿಗೆ ದಿನಕ್ಕೆ ಕೆಜಿ ತೂಕಕ್ಕೆ 1.6 ಗ್ರಾಂ ಪ್ರೋಟೀನ್ ಬೇಕು, 64 ಕೆಜಿಗೆ 102 ಗ್ರಾಂ ಆಯಿತು. ನೀವು ಬರೆದ ಊಟದಿಂದ 60 ಗ್ರಾಂ ಬಂದರೆ ಹೆಚ್ಚು. ಕೊರತೆ 40ರ ಆಸುಪಾಸು. ಒಣ ಸೋಯಾ ಚಂಕ್ಸ್ 50 ಗ್ರಾಂನಲ್ಲಿ 26 ಗ್ರಾಂ, ಅರ್ಧ ಲೀಟರ್ ಹಾಲಿನಲ್ಲಿ 16 ಗ್ರಾಂ ಪ್ರೋಟೀನ್ ಇದೆ. ಕೊರತೆ ತುಂಬಿತು. ಸೋಯಾಗೆ ತಿಂಗಳಿಗೆ 200, ಹಾಲಿಗೆ 900 ರೂಪಾಯಿ ಹಿಡಿದರೆ ಎಲ್ಲ ಸೇರಿ 1,350. ಈ ಸೋಯಾ ಮತ್ತು ಹಾಲಿನಲ್ಲೇ ಸುಮಾರು 8 ಗ್ರಾಂ ಬಿಸಿಎಎ ಇದೆ, ಉಳಿದ ಆರು ಅಮೈನೊ ಆಮ್ಲಗಳ ಜೊತೆಗೇ. ಬಿಸಿಎಎ ಡಬ್ಬಿಯ ಒಂದು ಚಮಚೆಯಲ್ಲಿ ಸಾಮಾನ್ಯವಾಗಿ ಸಿಗುವುದು 5ರಿಂದ 7 ಗ್ರಾಂ.

ಕೊಳ್ಳುವಾಗ ಲೇಬಲ್‌ನಲ್ಲಿ ಕ್ರಿಯೇಟಿನ್ ಮೊನೊಹೈಡ್ರೇಟ್ ಎಂಬ ಒಂದೇ ಪದಾರ್ಥ ಇರಲಿ, ಎಫ್‌ಎಸ್‌ಎಸ್‌ಎಐನ 14 ಅಂಕಿಯ ಲೈಸೆನ್ಸ್ ಸಂಖ್ಯೆ, ಬ್ಯಾಚ್ ಸಂಖ್ಯೆ ಇರಲಿ. ದುಬಾರಿ ಎಚ್‌ಸಿಎಲ್, ಈಥೈಲ್ ಎಸ್ಟರ್ ರೂಪಗಳು ಮೊನೊಹೈಡ್ರೇಟ್‌ಗಿಂತ ಮೇಲು ಎಂದು ಸಾಬೀತಾಗಿಲ್ಲ. ಮೊದಲ ವಾರ ದಿನಕ್ಕೆ 20 ಗ್ರಾಂ ತಿನ್ನುವ ಪದ್ಧತಿಯೂ ನಿಮಗೆ ಬೇಡ. ದಿನಕ್ಕೆ 3 ಗ್ರಾಂ ತಿಂದರೂ ಸುಮಾರು 28 ದಿನಗಳಲ್ಲಿ ದಾಸ್ತಾನು ಅದೇ ಮಟ್ಟ ಮುಟ್ಟುತ್ತದೆ. ಪುಡಿ ಉಳಿಯುತ್ತದೆ, ಒಮ್ಮೆಗೇ ಹೆಚ್ಚು ತಿಂದಾಗ ಆಗುವ ಭೇದಿಯೂ ತಪ್ಪುತ್ತದೆ. ಜಿಮ್ ಇಲ್ಲದ ದಿನವೂ ತಿನ್ನಿ, ಹೊತ್ತು ಯಾವುದಾದರೂ ಸರಿ. ಒಂದು ದೊಡ್ಡ ಲೋಟ ಉಗುರು ಬೆಚ್ಚಗಿನ ನೀರಿನಲ್ಲಿ ಕಲಸಿ ಆಗಲೇ ಕುಡಿಯಿರಿ, ತಳದಲ್ಲಿ ಮರಳಿನಂತೆ ಉಳಿದದ್ದನ್ನೂ ನೀರು ಹಾಕಿ ಕುಡಿದುಬಿಡಿ. ರಾತ್ರಿಯೇ ಬಾಟಲಿಯಲ್ಲಿ ಕಲಸಿಡಬೇಡಿ, ನೀರಿನಲ್ಲಿ ನಿಂತಷ್ಟೂ ಅದು ನಿಧಾನವಾಗಿ ಕ್ರಿಯೇಟಿನಿನ್ ಎಂಬ ಉಪಯೋಗವಿಲ್ಲದ ವಸ್ತುವಾಗುತ್ತದೆ. ಮುಂಬಯಿ ಮಳೆಗಾಲದ ತೇವಕ್ಕೆ ಪುಡಿ ಗಟ್ಟಿಯಾದರೆ ಒಡೆದು ಬಳಸಬಹುದು, ಒದ್ದೆ ಚಮಚೆ ಮಾತ್ರ ಹಾಕಬೇಡಿ. ಡಬ್ಬಿ 50 ದಿನಕ್ಕೇ ಖಾಲಿಯಾದರೆ ನಿಮ್ಮ ಚಮಚೆ 3ರದ್ದಲ್ಲ, 5 ಗ್ರಾಂನದ್ದು.

ತೂಕ ಮೊದಲ ತಿಂಗಳಲ್ಲಿ ಒಂದು ಕೆಜಿಯಷ್ಟು ಏರಬಹುದು. ಅದು ಹೆಚ್ಚಾಗಿ ಸ್ನಾಯುವಿನೊಳಗೆ ಸೇರಿದ ನೀರು. ನಿಜವಾದ ಫಲ ನೋಡಲು, ಈಗಲೇ ಒಂದು ಪುಸ್ತಕದಲ್ಲಿ ಬೆಂಚ್ ಪ್ರೆಸ್, ಸ್ಕ್ವಾಟ್‌ಗಳಲ್ಲಿ ಒಂದೇ ಭಾರಕ್ಕೆ ಎಷ್ಟು ರೆಪ್ ಎಂದು ಎರಡು ವಾರ ಬರೆದಿಡಿ, ಎಂಟನೇ ವಾರ ಹೋಲಿಸಿ. ಕೆಲವರಿಗೆ ಫಲ ತೀರಾ ಕಡಿಮೆ. ನಿಮಗೂ ಏನೂ ಕಾಣದಿದ್ದರೆ ಎರಡನೇ ಡಬ್ಬಿ ಕೊಳ್ಳಬೇಡಿ.

ಮೂತ್ರಪಿಂಡದ ಕಾಯಿಲೆ ಇರುವವರು ವೈದ್ಯರನ್ನು ಕೇಳದೆ ಇದನ್ನು ಮುಟ್ಟಬಾರದು. ಆರೋಗ್ಯವಂತರಲ್ಲಿ ಈ ಪ್ರಮಾಣದಿಂದ ಮೂತ್ರಪಿಂಡಕ್ಕೆ ಹಾನಿಯಾದದ್ದು ಪರೀಕ್ಷೆಗಳಲ್ಲಿ ಕಂಡಿಲ್ಲ. ಆದರೆ ರಕ್ತಪರೀಕ್ಷೆಯಲ್ಲಿ ಕ್ರಿಯೇಟಿನಿನ್ ತುಸು ಮೇಲೆ ತೋರಿಸಬಹುದು. ರಿಪೋರ್ಟ್ ನೋಡಿಸುವಾಗ ಪುಡಿಯ ವಿಷಯವನ್ನು ಡಾಕ್ಟರಿಗೆ ಮೊದಲೇ ಹೇಳಿ. ಸಂದೇಹ ಉಳಿದರೆ ಅವರು ಸಿಸ್ಟಾಟಿನ್ ಸಿ ಎಂಬ ಇನ್ನೊಂದು ಪರೀಕ್ಷೆ ಬರೆದುಕೊಡಬಹುದು, ಅದಕ್ಕೆ ನೀವು ತಿಂದ ಕ್ರಿಯೇಟಿನ್ ಅಡ್ಡಬರುವುದಿಲ್ಲ.