ವಿಯೆಟ್ನಾಮಿ ಬರಹದಲ್ಲಿ ಜಾಗ ಇದೆ, ಪದದ ಗಡಿ ಇಲ್ಲ

ಪ್ರಶ್ನೆ: ವಿಯೆಟ್ನಾಮಿ ಭಾಷೆಯನ್ನು ರೋಮನ್ ಅಕ್ಷರದಲ್ಲಿ, ನಡುನಡುವೆ ಜಾಗ ಬಿಟ್ಟು ಬರೆಯುತ್ತಾರೆ. ಚೀನೀ, ಥಾಯ್ ಬರಹದಲ್ಲಿ ಜಾಗ ಇರುವುದಿಲ್ಲ, ಅಲ್ಲಿ ಪದ ಬಿಡಿಸುವುದು ಕಷ್ಟ ಅಂದ್ರೆ ಒಪ್ಪೋಣ. ಜಾಗ ಇರುವ ವಿಯೆಟ್ನಾಮಿಗೂ ಅದೇ ಕಷ್ಟ ಅಂತಾರಲ್ಲ, ಯಾಕೆ?

ಉತ್ತರ: ಜಾಗ ಇರುವುದು ನಿಜ. ಆದರೆ ಅದು ಪದಗಳ ನಡುವೆ ಬಿಟ್ಟ ಜಾಗ ಅಲ್ಲ, ಸಿಲೆಬಲ್‌ಗಳ ನಡುವೆ ಬಿಟ್ಟದ್ದು. ಸಿಲೆಬಲ್ ಅಂದ್ರೆ ಬಾಯಿಂದ ಒಂದೇ ಸಲಕ್ಕೆ ಹೊರಡುವ ಉಚ್ಚಾರದ ತುಣುಕು. ಇನ್ನು ಮುಂದೆ ಸುಮ್ನೆ ‘ತುಣುಕು’ ಅಂತಲೇ ಕರೆಯೋಣ. ಹಿಂದೆ ವಿಯೆಟ್ನಾಮಿಗರು ಚೀನೀ ಲಿಪಿಯನ್ನೂ, ಅದೇ ಮಾದರಿಯಲ್ಲಿ ತಾವು ಕಟ್ಟಿಕೊಂಡ ನೊಮ್ ಲಿಪಿಯನ್ನೂ ಬಳಸುತ್ತಿದ್ದರು. ಎರಡರಲ್ಲೂ ಒಂದು ತುಣುಕಿಗೆ ಒಂದು ಅಕ್ಷರ. ಆಮೇಲೆ ಕ್ರೈಸ್ತ ಪಾದ್ರಿಗಳು ರೋಮನ್ ಲಿಪಿ ತಂದರು. ಅವರಲ್ಲೊಬ್ಬರಾದ ಅಲೆಕ್ಸಾಂಡರ್ ದ ರೋಡ್ ಅವರ ವಿಯೆಟ್ನಾಮಿ ನಿಘಂಟು ರೋಮ್‌ನಲ್ಲಿ ಅಚ್ಚಾಗಿದ್ದು 1651ರಲ್ಲಿ. ಲಿಪಿ ಬದಲಾದರೂ ತುಣುಕು ತುಣುಕಾಗಿ ಬರೆಯುವ ರೂಢಿ ಉಳಿಯಿತು. ನಡುವೆ ಒಂದು ಕಾಲದಲ್ಲಿ `Việt-Nam` ಅಂತ ಅಡ್ಡಗೆರೆ ಹಾಕಿ ಪದವನ್ನು ಕೂಡಿಸಿ ಬರೆಯುತ್ತಿದ್ದರು. ಅದು ಉಳಿದಿದ್ದರೆ ಕಂಪ್ಯೂಟರ್‌ನವರ ತಲೆನೋವು ಎಷ್ಟೋ ಕಡಿಮೆ ಆಗುತ್ತಿತ್ತು. ಈಗ ಅಡ್ಡಗೆರೆ ಹೋಗಿದೆ, ಬರೀ ಜಾಗ ಉಳಿದಿದೆ.

ತೊಂದರೆ ಎಲ್ಲಿದೆ ಅಂತ ಒಂದೇ ವಾಕ್ಯದಲ್ಲಿ ನೋಡಬಹುದು. ಈ ಕ್ಷೇತ್ರದಲ್ಲಿ ಕೆಲಸ ಮಾಡುವವರಿಗೆ ಇದು ಹಳೇ ಪರಿಚಯ:

```
học sinh học sinh học
```

ಇಲ್ಲಿರುವುದು ಎರಡೇ ತುಣುಕು, ‘ಹೊಕ್’ ಮತ್ತು ‘ಸಿನ್’. ‘ಹೊಕ್’ ಅಂದ್ರೆ ಕಲಿ. ‘ಸಿನ್’ ಅಂದ್ರೆ ಹುಟ್ಟು. ‘ಹೊಕ್ ಸಿನ್’ ಸೇರಿದರೆ ವಿದ್ಯಾರ್ಥಿ. ತಿರುಗಿಸಿ ‘ಸಿನ್ ಹೊಕ್’ ಅಂದರೆ ಜೀವಶಾಸ್ತ್ರ. ಹಾಗಾಗಿ ವಾಕ್ಯದ ಅರ್ಥ ‘ವಿದ್ಯಾರ್ಥಿಗಳು ಜೀವಶಾಸ್ತ್ರ ಕಲಿಯುತ್ತಾರೆ’. ಪದ ಮೂರು, ತುಣುಕು ಐದು. ಪದ ಎಣಿಸುವ `wc -w` ಆದೇಶಕ್ಕೆ ಕೊಟ್ಟರೆ 5 ಅಂತ ಹೇಳುತ್ತದೆ, ಯಾಕಂದ್ರೆ ಅದು ಜಾಗ ನೋಡಿ ಎಣಿಸುತ್ತದೆ. ಪದಕ್ಕಿಷ್ಟು ಅಂತ ದರ ಹಾಕುವ ಅನುವಾದದ ಕೆಲಸದಲ್ಲಿ ಎಣಿಕೆ ಯಾವ ಭಾಷೆಯ ಕಡೆಯಿಂದ ಅನ್ನುವುದನ್ನು ಮೊದಲೇ ಮಾತಾಡಿಕೊಳ್ಳಬೇಕಾಗುವುದು ಇದಕ್ಕೇ.

ನಿಘಂಟು ಇಟ್ಟುಕೊಂಡು ಪದ ಬಿಡಿಸಿದರೆ ಆಯ್ತಲ್ಲ ಅನ್ನಬಹುದು. ಮಾಡಿ ನೋಡೋಣ. ಎಡದಿಂದ ಶುರು ಮಾಡಿ, ನಿಘಂಟಿನಲ್ಲಿ ಸಿಗುವ ಅತಿ ಉದ್ದದ ಪದವನ್ನು ಕತ್ತರಿಸುತ್ತಾ ಹೋಗುವುದು ಹಳೆಯ ಸುಲಭದ ದಾರಿ. ಮೊದಲು ‘ಹೊಕ್ ಸಿನ್’, ಮತ್ತೆ ‘ಹೊಕ್ ಸಿನ್’, ಕೊನೆಗೆ ಒಂಟಿ ‘ಹೊಕ್’. ಅಂದ್ರೆ ‘ವಿದ್ಯಾರ್ಥಿ ವಿದ್ಯಾರ್ಥಿ ಕಲಿ’. ತಪ್ಪು. ಬಲದಿಂದ ಬಂದರೆ ‘ಕಲಿ ಜೀವಶಾಸ್ತ್ರ ಜೀವಶಾಸ್ತ್ರ’. ಅದೂ ತಪ್ಪು. ಸರಿಯಾದ ಉತ್ತರ ಬೇಕಾದರೆ ನಡುವಿನ ‘ಹೊಕ್’ ಒಂಟಿಯಾಗಿ ನಿಲ್ಲಬೇಕು. ಇನ್ನೊಂದು ಮಜಾ ಗಮನಿಸಿ: ಮೂರೂ ರೀತಿಯಲ್ಲಿ ಪದಗಳ ಎಣಿಕೆ 3 ಅಂತಲೇ ಬರುತ್ತದೆ. ಎಣಿಕೆ ಸರಿ ಬಂತು ಅಂತ ಪದ ಸರಿಯಾಗಿ ಬಿಡಿಸಿದೆ ಅಂದುಕೊಳ್ಳುವ ಹಾಗಿಲ್ಲ.

ಇದೇನು ಎಲ್ಲೋ ಅಪರೂಪಕ್ಕೆ ಬರುವ ಒಗಟೂ ಅಲ್ಲ. ನಿಘಂಟಿನ ಪದಗಳಲ್ಲಿ ಸುಮಾರು 85% ಎರಡು ಅಥವಾ ಜಾಸ್ತಿ ತುಣುಕಿನವು. ತುಣುಕುಗಳಲ್ಲಿ 80%ಕ್ಕಿಂತ ಹೆಚ್ಚಿನವು ಒಂಟಿಯಾಗಿಯೂ ಪದಗಳೇ. ಈ ಎರಡೂ ಕೂಡಿದ್ದರಿಂದಲೇ ಕಷ್ಟ. ಪ್ರತಿ ಜಾಗದಲ್ಲೂ ಇದು ಗಡಿಯೋ, ಪದದ ಒಳಗೋ ಅಂತ ಕೇಳಿಕೊಳ್ಳಬೇಕು. ನಮ್ಮ ಕನ್ನಡದ್ದು ಇದಕ್ಕೆ ಪೂರ್ತಿ ಉಲ್ಟಾ. ‘ಬರಲಿಲ್ಲವಂತೆ’ ಅಂತ ಮೂರು ಮಾತನ್ನು ಒಂದಕ್ಕೊಂದು ಅಂಟಿಸಿಬಿಡುತ್ತೇವೆ, ಅದನ್ನು ಬಿಡಿಸುವುದು ಕಂಪ್ಯೂಟರಿಗೆ ಕೆಲಸ.

ಈಗ ಹುಡುಕಾಟಕ್ಕೆ ಬನ್ನಿ. ಜೀವಶಾಸ್ತ್ರದ ಬಗ್ಗೆ ಹುಡುಕುತ್ತಿದ್ದೀರಿ ಅಂದುಕೊಳ್ಳಿ. ತುಣುಕುಗಳನ್ನು ಬಿಡಿಬಿಡಿಯಾಗಿ ಹುಡುಕಿದರೆ ‘ವಿದ್ಯಾರ್ಥಿ’ ಅಂತ ಇರುವ ಪುಟಗಳೆಲ್ಲ ಬರುತ್ತವೆ, ಅವೇ ಎರಡು ತುಣುಕು ಅಲ್ವಾ. ಅದಕ್ಕೇ ಎರಡನ್ನೂ ಉದ್ಧರಣ ಚಿಹ್ನೆಯಲ್ಲಿ ಹಾಕಿ, ಇದೇ ಕ್ರಮದಲ್ಲಿ ಹುಡುಕು ಅಂತೀರಿ. ಆಗಲೂ ತಪ್ಪಿಸಿಕೊಳ್ಳಲಾಗದು:

```
echo "học sinh học toán" | grep "sinh học"
```

ಈ ಸಾಲಿನ ಅರ್ಥ ‘ವಿದ್ಯಾರ್ಥಿಗಳು ಗಣಿತ ಕಲಿಯುತ್ತಾರೆ’. ಜೀವಶಾಸ್ತ್ರದ ಸುಳಿವೂ ಇಲ್ಲ. ಆದರೂ `grep` ಸಿಕ್ಕಿತು ಅನ್ನುತ್ತದೆ. ವಿದ್ಯಾರ್ಥಿಯ ಬಾಲವೂ ‘ಕಲಿ’ಯೂ ಅಕ್ಕಪಕ್ಕ ಬಂದು ಜೀವಶಾಸ್ತ್ರ ಆಗಿಬಿಟ್ಟಿತು. ಇದಕ್ಕೆ ಮದ್ದು ಅಂದ್ರೆ ಮೊದಲೇ ಪದ ಬಿಡಿಸಿ, ಒಂದೇ ಪದದ ತುಣುಕುಗಳನ್ನು ಕೆಳಗೆರೆಯಿಂದ ಜೋಡಿಸಿಡುವುದು:

```
học_sinh học toán
```

ಈಗ `sinh_học` ಹುಡುಕಿದರೆ ಈ ಸಾಲು ಬರುವುದಿಲ್ಲ. ಆದರೆ ಹೊಸ ಅಪಾಯ ಒಂದಿದೆ. ಬಿಡಿಸುವವನು ಎಲ್ಲೋ ತಪ್ಪಿದರೆ ನಿಜವಾಗಿ ಜೀವಶಾಸ್ತ್ರ ಇರುವ ಪುಟ ಕಾಣದೇ ಹೋಗುತ್ತದೆ. ಬೇಡದ್ದು ಬಂದರೆ ಓದುಗರು ದಾಟಿ ಹೋಗುತ್ತಾರೆ. ಬೇಕಾದದ್ದು ಬರದಿದ್ದರೆ ಅದು ಇತ್ತು ಅಂತಲೇ ಗೊತ್ತಾಗುವುದಿಲ್ಲ. ಹಾಗಾಗಿ ತುಣುಕು, ಪದ ಎರಡನ್ನೂ ಸೂಚಿಗೆ ಹಾಕಿ, ಪದ ಕೂಡಿದ್ದಕ್ಕೆ ಜಾಸ್ತಿ ಅಂಕ ಕೊಡುವುದೇ ಮೇಲು ಅನ್ನೋದು ನನ್ನ ಅಭಿಪ್ರಾಯ.

ಯಂತ್ರಾನುವಾದದಲ್ಲಿ ಕಥೆ ಸ್ವಲ್ಪ ಬೇರೆ. ಈಗಿನ ವ್ಯವಸ್ಥೆಗಳು ಇಡೀ ವಾಕ್ಯ ನೋಡಿ ಅನುವಾದಿಸುತ್ತವೆ. ಅದಕ್ಕೇ ಪದ ಬಿಡಿಸದೇ ಕೊಟ್ಟರೂ ಉದ್ದನೆಯ ವಾಕ್ಯಗಳಲ್ಲಿ ಸಾಮಾನ್ಯವಾಗಿ ಎಡವುವುದಿಲ್ಲ. ಎಡವುವುದು ಚಿಕ್ಕ ಬರಹದಲ್ಲಿ, ಅಂದ್ರೆ ತಲೆಬರಹ, ಚಿತ್ರದ ಕೆಳಗಿನ ಸಾಲು, ಅಂಗಡಿಯ ಪಟ್ಟಿ ಇಂಥ ಕಡೆ.

```
cái bàn là của tôi
```

‘ಬಾನ್’ ಅಂದ್ರೆ ಮೇಜು, ‘ಲಾ’ ಅಂದ್ರೆ ಆಗಿದೆ ಅನ್ನುವ ಮಾತು. ಬೇರೆ ಬೇರೆ ಓದಿದರೆ ‘ಮೇಜು ನನ್ನದು’. ಆದರೆ ‘ಬಾನ್ ಲಾ’ ಸೇರಿದರೆ ಇಸ್ತ್ರಿಪೆಟ್ಟಿಗೆ. ಆಗ ‘ನನ್ನ ಇಸ್ತ್ರಿಪೆಟ್ಟಿಗೆ’. ಇಷ್ಟೇ ಕೊಟ್ಟರೆ ಯಾವುದು ಸರಿ ಅಂತ ಮನುಷ್ಯರಿಗೂ ಹೇಳಲಾಗದು. (ದಕ್ಷಿಣದ ಕಡೆ ಇಸ್ತ್ರಿಪೆಟ್ಟಿಗೆಗೆ ‘ಬಾನ್ ಉಯ್’ ಅಂತಾರೆ, ಅವರಿಗೆ ಗೊಂದಲ ಕಡಿಮೆ.)

ಅನುವಾದಕ್ಕೆ ಅಂಕ ಕೊಡುವಾಗಲೂ ಇದೇ ಗೋಳು. ಬ್ಲೂ ಅನ್ನುವ ಅಳತೆ ಯಂತ್ರದ ಅನುವಾದವನ್ನು ಮಾದರಿ ಅನುವಾದದ ಪಕ್ಕ ಇಟ್ಟು, ಎಷ್ಟು ಪದ, ಎಷ್ಟು ಪದಗುಚ್ಛ ಹೊಂದಿತು ಅಂತ ನೋಡುತ್ತದೆ. ಮಾದರಿಯಲ್ಲಿ `học sinh` ಇದೆ, ಯಂತ್ರ `sinh viên` ಅಂತ, ಅಂದ್ರೆ ಕಾಲೇಜು ವಿದ್ಯಾರ್ಥಿ ಅಂತ ಬರೆಯಿತು ಅನ್ನಿ. ತುಣುಕಿನ ಲೆಕ್ಕದಲ್ಲಿ ‘ಸಿನ್’ ಹೊಂದಿತು, ಸ್ವಲ್ಪ ಅಂಕ ಸಿಕ್ಕಿತು. ಪದದ ಲೆಕ್ಕದಲ್ಲಿ ಸೊನ್ನೆ. ಹಾಗಾಗಿ ಒಬ್ಬರು ತುಣುಕಿನ ಮೇಲೆ, ಇನ್ನೊಬ್ಬರು ಪದದ ಮೇಲೆ ಎಣಿಸಿದ ಅಂಕಗಳನ್ನು ಹೋಲಿಸುವುದರಲ್ಲಿ ಅರ್ಥವಿಲ್ಲ.

ಪದ ಬಿಡಿಸುವ ಉಪಕರಣಗಳು ಈಗ ಚೆನ್ನಾಗಿಯೇ ಇವೆ. `VnCoreNLP`, `underthesea` ಎರಡೂ ಉಚಿತವಾಗಿ ಸಿಗುತ್ತವೆ. ಆದರೂ ಯಾವುದು ಒಂದು ಪದ ಅನ್ನುವುದರಲ್ಲಿ ಮನುಷ್ಯರಲ್ಲೇ ಪೂರ್ತಿ ಒಮ್ಮತ ಇಲ್ಲ, ಯಂತ್ರ ಅದನ್ನು ಮೀರಲಾರದು. ಇನ್ನು 2020ರಲ್ಲಿ ಬಂದ `PhoBERT` ಅನ್ನುವ ವಿಯೆಟ್ನಾಮಿ ಭಾಷಾ ಮಾದರಿಯನ್ನು ತರಬೇತಿ ಮಾಡಿದ್ದು ಕೆಳಗೆರೆ ಹಾಕಿ ಜೋಡಿಸಿದ ಬರಹದ ಮೇಲೆ. ಅದಕ್ಕೆ ಮಾಮೂಲಿ ಬರಹ ಹಾಗೇ ಕೊಟ್ಟರೆ ದೋಷ ಸಂದೇಶ ಏನೂ ಬರುವುದಿಲ್ಲ, ಫಲಿತಾಂಶ ಮಾತ್ರ ಕೆಡುತ್ತದೆ. ಫಲಿತಾಂಶ ಯಾಕೋ ಮಂಕಾಗಿದೆ ಅನ್ನಿಸಿದರೆ ಮೊದಲು ಮಾದರಿಗೆ ಹೋಗುವ ಸಾಲುಗಳನ್ನು ತೆರೆದು ನೋಡಿ. ಅವುಗಳಲ್ಲಿ ಒಂದೂ ಕೆಳಗೆರೆ ಇಲ್ಲದಿದ್ದರೆ ಪದ ಬಿಡಿಸುವ ಹಂತವೇ ಬಿಟ್ಟುಹೋಗಿದೆ.