ಹಿರಿಮಗ ಬಂದರೆ ಅಂಗಡಿಗೆ ಎಷ್ಟು ಜಾಸ್ತಿಯಾಗುತ್ತದೆ?

ಹುಬ್ಬಳ್ಳಿಯಲ್ಲಿ ಅಂಗಡಿಕಾರರ ಲೆಕ್ಕ ನೋಡುವುದು ನನ್ನ ಕೆಲಸ. ಈಚೆಗೆ ಗದಗಿನ ಹಾರ್ಡ್‌ವೇರ್ ಅಂಗಡಿಯವರೊಬ್ಬರು ಹಿರಿಮಗನನ್ನು ಕರೆದುಕೊಂಡು ಬಂದಿದ್ದರು. ಹುಡುಗನಿಗೆ ಇಲ್ಲೇ ತಿಂಗಳಿಗೆ 28,000 ರೂಪಾಯಿಯ ಕೆಲಸ ಸಿಕ್ಕಿತ್ತು.

"ಅಂಗಡ್ಯಾಗ ವರ್ಷಕ್ಕ ಎಂಟು ಲಕ್ಷ ಉಳಿತೈತ್ರಿ. ಇವಗ ನೌಕರಿ ಯಾಕ ಬೇಕು?" ಎಂದರು ಅಪ್ಪ.

ಎಲ್ಲರೂ ತಪ್ಪುವುದು ಇಲ್ಲೇ. ಆ ಎಂಟು ಲಕ್ಷ ಮಗ ಬರದಿದ್ದರೂ ಉಳಿಯುತ್ತದೆ, ಅಲ್ವಾ? ನೋಡಬೇಕಾದ್ದು ಅವನು ಬಂದ ಮೇಲೆ ಏನು ಹೆಚ್ಚುತ್ತದೆ ಅಂತ.

ರೂಮು, ಊಟ, ಓಡಾಟಕ್ಕೆ 9,000 ಕಳೆದರೆ ಅವನ ಕೈಯಲ್ಲಿ 19,000 ಉಳಿಯುತ್ತಿತ್ತು. ಅಂಗಡಿಯಲ್ಲಿ ಒಬ್ಬ ಆಳು ಬಿಟ್ಟು ಹೋಗುವವನಿದ್ದ, ಪಗಾರ 12,000. ಅವನ ಜಾಗದಲ್ಲಿ ಮಗ ನಿಂತರೆ ಅದು ಉಳಿತಾಯ. ಇನ್ನು ಬೇಕಾದ್ದು ತಿಂಗಳಿಗೆ 7,000 ಲಾಭ. ಆ ಅಂಗಡಿಯಲ್ಲಿ ನೂರು ರೂಪಾಯಿ ವ್ಯಾಪಾರಕ್ಕೆ ಸರಾಸರಿ 14 ರೂಪಾಯಿ ಉಳಿಯುತ್ತದೆ. ಅಂದರೆ ತಿಂಗಳಿಗೆ 50,000 ರೂಪಾಯಿ ಹೊಸ ವ್ಯಾಪಾರ ಬರಬೇಕು. ಅದೂ ನಗದು. ಉದ್ರಿ ಕೊಟ್ಟು ಬೆಳೆಸಿದ್ದನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಸಿಮೆಂಟ್ ನಂಬಿದರೆ ಇದು ಆಗುವ ಮಾತಲ್ಲ. ಅವರಿಗೆ ಚೀಲಕ್ಕೆ ಹತ್ತು ರೂಪಾಯಿ ಉಳಿಯುತ್ತದೆ. 7,000ಕ್ಕೆ 700 ಚೀಲ ಹೆಚ್ಚಿಗೆ ಮಾರಬೇಕು. ಲಾಭ ಇರುವುದು ಫಿಟಿಂಗ್, ನಟ್ಟು-ಬೋಲ್ಟು, ಚಿಲಕದಂಥ ಸಣ್ಣ ಸಾಮಾನಿನಲ್ಲಿ.

ಅದಕ್ಕೆ ಹುಡುಗನಿಗೆ ಒಂದು ಕೆಲಸ ಹೇಳಿದೆ. ಹದಿನೈದು ದಿನ ಗಲ್ಲೆಯ ಹತ್ತಿರ ಒಂದು ನೋಟ್‌ಬುಕ್ ಇಟ್ಟುಕೋ. ಗಿರಾಕಿ ಕೇಳಿ, ನೀವು "ಇಲ್ಲ" ಅಂದಿದ್ದನ್ನೆಲ್ಲ ಬರೆ. ತಂದು ತೋರಿಸಿದ. ಮುಕ್ಕಾಲು ಇಂಚಿನ ಸಿಪಿವಿಸಿ ಎಲ್ಬೋ ಒಂದೇ ಹನ್ನೊಂದು ಸಲ ಇತ್ತು. ಎಲ್ಬೋ ಸಣ್ಣದು. ಆದರೆ ಅದು ಸಿಗದ ಪ್ಲಂಬರ್ ಪೈಪು, ನಲ್ಲಿ, ಸಲ್ಯೂಷನ್ ಎಲ್ಲವನ್ನೂ ಮುಂದಿನ ಅಂಗಡಿಯಲ್ಲೇ ಒಯ್ಯುತ್ತಾನೆ. ಹೀಗೆ ಕೈತಪ್ಪಿದ್ದನ್ನು ಕೂಡಿಸಿದಾಗ ಹದಿನೈದು ದಿನಕ್ಕೆ ಸುಮಾರು 40,000 ಆಯಿತು. ಅರ್ಧ ಹಿಡಿದಿಟ್ಟರೂ ತಿಂಗಳಿಗೆ 40,000. ಸ್ವಲ್ಪ ಕಡಿಮೆ ಬಿತ್ತು, ಆದರೂ ಅಂಗಡಿಗೆ ಬಾ ಅನ್ನುವಷ್ಟಿದೆ ಎಂದೆ. ನೋಟ್‌ಬುಕ್ ಖಾಲಿ ಇದ್ದಿದ್ದರೆ ನೌಕರಿಗೆ ಹೋಗು ಅನ್ನುತ್ತಿದ್ದೆ.

ಅಪ್ಪ ಎದ್ದು ನಿಂತಾಗ ಪಗಾರದ ಮಾತು ತೆಗೆದೆ. "ಮನಿ ಮಗಗ ಎಂಥಾ ಪಗಾರ್ರಿ!" ಎಂದು ನಕ್ಕರು. ನಾನು ನಗಲಿಲ್ಲ. ಇವರ ಸಣ್ಣ ಮಗ ಇಂಜಿನಿಯರಿಂಗ್ ಓದುತ್ತಿದ್ದಾನೆ. ನಾಳೆ ಅವನ ಸಂಬಳ ಅವನ ಖಾತೆಗೆ ಬೀಳುತ್ತದೆ. ಹಿರಿಯನದು ಅಂಗಡಿಯಲ್ಲೇ ಕರಗುತ್ತದೆ. ಪಾಲಿನ ದಿನ ಇಬ್ಬರಿಗೂ ಸಮ ಅನ್ನುತ್ತಾರೆ. ಅವನನ್ನು ಪಾಲುದಾರ ಮಾಡಿಕೊಂಡರೂ ಸಾಲದು. 1932ರ ಪಾಲುದಾರಿಕೆ ಕಾಯ್ದೆಯ ಪ್ರಕಾರ, ಕರಾರು ಇಲ್ಲದಿದ್ದರೆ ದುಡಿಯುವ ಪಾಲುದಾರನಿಗೆ ಸಂಬಳದ ಹಕ್ಕಿಲ್ಲ. ಹಾಗಾಗಿ ಪತ್ರದಲ್ಲಿ ಸಂಬಳ ಎಷ್ಟು, ಲಾಭದಲ್ಲಿ ಪಾಲು ಎಷ್ಟು ಎಂದು ಬೇರೆಬೇರೆ ಬರೆಸಿದೆ. ಸಂಬಳ ಪ್ರತಿ ತಿಂಗಳು ಅವನ ಬ್ಯಾಂಕ್ ಖಾತೆಗೇ ಹೋಗಬೇಕು ಎಂದೂ ಸೇರಿಸಿದೆ.