‘ಅದೇ ಮಾತ್ರೆ ಮುಂದುವರಿಸಿ’ ಎಂದು ಬರೆಯುವ ಮುನ್ನ

ಕಾರವಾರದಲ್ಲಿ ಹೊರರೋಗಿ ವಿಭಾಗದ ಸಾಲು ಬಾಗಿಲು ದಾಟಿ ಹೊರಗೆ ಬಂದಿರುವ ಹೊತ್ತು. ಎದುರಿಗೆ ಐವತ್ತೆಂಟರ ಮೀನು ಮಾರುವ ಮಹಿಳೆ. ಎಚ್‌ಬಿಎ1ಸಿ ಶೇ 7.1, ಊಟದ ನಂತರದ ಸಕ್ಕರೆ 172. ಚೀಟಿಯ ಮೇಲೆ ‘ಮಧುಮೇಹ ಹತೋಟಿಯಲ್ಲಿದೆ, ಸಿಎಸ್‌ಟಿ’ ಎಂದು ಗೀಚಿದರೆ ಅರ್ಧ ನಿಮಿಷದಲ್ಲಿ ಮುಗಿಯಿತು. ಸಿಎಸ್‌ಟಿ ಎಂದರೆ ಅದೇ ಚಿಕಿತ್ಸೆ ಮುಂದುವರಿಸಿ. ನಾನೂ ಎಷ್ಟೋ ಸಲ ಹಾಗೆ ಬರೆದಿದ್ದೇನೆ.

ಅಮೆರಿಕದ ವೈದ್ಯ ಲಾರೆನ್ಸ್ ವೀಡ್ 1960ರ ದಶಕದಲ್ಲಿ ರೂಪಿಸಿದ ದಾಖಲೆ ಪದ್ಧತಿಯಿಂದ ಬಂದದ್ದು ‘ಸೋಪ್’ ಟಿಪ್ಪಣಿ: ರೋಗಿ ಹೇಳಿದ್ದು, ನಾವು ಕಂಡು ಅಳೆದದ್ದು, ಅದರಿಂದ ನಾವು ತಿಳಿದದ್ದು, ಮುಂದೆ ಮಾಡುವುದು. ಗಡಿಬಿಡಿಯಲ್ಲಿ ಮೊದಲು ಬಲಿಯಾಗುವುದು ರೋಗಿ ಹೇಳಿದ್ದು.

“ಅಮ್ಮಾ, ಯಾವಾಗಲಾದರೂ ಕೈ ನಡುಗಿ ಬೆವರುವುದುಂಟೇ?”

“ಹರಾಜು ಮುಗಿಯುವ ಹೊತ್ತಿಗೆ ಆಗುತ್ತದೆ ಡಾಕ್ಟರೇ. ಚಹಾ ಕುಡಿದರೆ ಸರಿಹೋಗುತ್ತದೆ.”

ಬೆಳಗಿನ ಐದಕ್ಕೆ ಮಾತ್ರೆ ನುಂಗಿ ಬೈತಖೋಲ ಬಂದರಿಗೆ ಹೋಗುವ ಇವರು ಗಂಜಿ ಉಣ್ಣುವುದು ಹತ್ತೂವರೆಗೆ. ವಾರಕ್ಕೆರಡು ಸಲ ನಡುಕ. ಮೊದಲ ಭಾಗದಲ್ಲಿ ಬರೆಯಬೇಕಾದದ್ದು ಇಷ್ಟೇ, ಆದರೆ ಗಂಟೆಗಳ ಸಮೇತ.

ಎರಡನೆಯ ಭಾಗದಲ್ಲಿ ಆ ಅಂಕಿಗಳು, ರಕ್ತದೊತ್ತಡ, ತೂಕ. ಜೊತೆಗೆ ಚಪ್ಪಲಿ ಬಿಡಿಸಿ ನೋಡಿದ ಪಾದ: ಗಾಯವಿಲ್ಲ, ಸ್ಪರ್ಶ ತಿಳಿಯುತ್ತದೆ. ನೋಡದಿದ್ದರೆ ‘ನೋಡಿಲ್ಲ’ ಎಂದೇ ಬರೆಯಬೇಕು. ಹಿಂದಿನ ಸಲದ ‘ಪಾದ ಸರಿಯಿದೆ’ಯನ್ನು ನಕಲು ಮಾಡುವುದು ಸುಳ್ಳು ಬರೆದಂತೆ.

ಕಷ್ಟದ್ದು ಮೂರನೆಯದು. ಎಚ್‌ಬಿಎ1ಸಿ ಎರಡು ಮೂರು ತಿಂಗಳ ಸರಾಸರಿಯ ಸೂಚಕ. ಏರಿದ್ದನ್ನೂ ಇಳಿದದ್ದನ್ನೂ ಕಲಸಿ ಅದು ಒಂದೇ ಅಂಕಿ ಕೊಡುತ್ತದೆ, ಬಂದರಿನ ನಡುಕವನ್ನು ಹೇಳುವುದಿಲ್ಲ. ಇವರು ನುಂಗುವುದು ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್ ಎಂಬ ಎರಡು ಮಾತ್ರೆ. ಮೆಟ್‌ಫಾರ್ಮಿನ್ ಒಂದೇ ಇದ್ದರೆ ಸಕ್ಕರೆ ಹೀಗೆ ಕುಸಿಯುವುದು ಅಪರೂಪ. ಗ್ಲಿಮೆಪಿರೈಡ್ ಹಾಗಲ್ಲ, ಹೊಟ್ಟೆಗೆ ಅನ್ನ ಬೀಳದಿದ್ದರೂ ಇನ್ಸುಲಿನ್ ಸುರಿಸುತ್ತದೆ. ಮೂತ್ರಪಿಂಡ ಸೋತಿದ್ದರೆ ಅದರ ಪ್ರಭಾವ ಇನ್ನೂ ಹೆಚ್ಚು ಹೊತ್ತು ಉಳಿಯಬಹುದು. ಆದ್ದರಿಂದ ನಾನು ಬರೆದದ್ದು: ‘ಟೈಪ್ 2 ಮಧುಮೇಹ. ಖಾಲಿ ಹೊಟ್ಟೆಯ ಗ್ಲಿಮೆಪಿರೈಡ್‌ನಿಂದ ಸಕ್ಕರೆ ಇಳಿಯುತ್ತಿರುವ ಶಂಕೆ. ಆ ಹೊತ್ತಿನಲ್ಲಿ ಅಳೆದಿಲ್ಲ.’ ಕೊನೆಯ ಮೂರು ಪದ ಬಿಟ್ಟರೆ ಮುಂದೆ ಓದುವವರಿಗೆ ಊಹೆಯೇ ಸತ್ಯವಾಗಿಬಿಡುತ್ತದೆ.

ನಾಲ್ಕನೆಯ ಭಾಗವಾದ ಯೋಜನೆಯ ಪ್ರತಿ ಸಾಲೂ ಈ ಶಂಕೆಗೇ ಅಂಟಿಕೊಂಡಿರಬೇಕು. ಗ್ಲಿಮೆಪಿರೈಡ್ 2 ಮಿಲಿಗ್ರಾಂನಿಂದ 1ಕ್ಕೆ, ಅದೂ ಗಂಜಿಯ ಜೊತೆಗೆ. ಮೆಟ್‌ಫಾರ್ಮಿನ್ ಹಾಗೆಯೇ, ಊಟದೊಂದಿಗೆ. ಮೂತ್ರಪಿಂಡದ ಸ್ಥಿತಿ ತಿಳಿಯಲು ಕ್ರಿಯಾಟಿನಿನ್ ಪರೀಕ್ಷೆ. ನಡುಕ ಬಂದರೆ ಗ್ಲುಕೋಮೀಟರಿನಲ್ಲಿ ನೋಡುವುದು. 70ಕ್ಕಿಂತ ಕಡಿಮೆಯಿದ್ದರೆ, ಅಥವಾ ಅಳೆಯಲು ಆಗದಿದ್ದರೂ, ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿದು ಕಾಲು ಗಂಟೆಯ ನಂತರ ಮತ್ತೆ ನೋಡುವುದು. ಎರಡು ವಾರಕ್ಕೆ ಮರುಭೇಟಿ.

ಅಂದು ನನ್ನ ಕುರ್ಚಿಯಲ್ಲಿ ಬೇರೆ ವೈದ್ಯರಿದ್ದರು. ಚೀಟಿ ನೋಡಿ ಅವರು ಕೇಳಿದ ಮೊದಲ ಪ್ರಶ್ನೆ ಹರಾಜಿನ ಹೊತ್ತಿನ ನಡುಕದ್ದು.